ಎ ಸೆಕ್ಷನ್‌ಗೆ ಸರಾಸರಿ 68, ಬಿ ಸೆಕ್ಷನ್‌ಗೆ 62: ಈ 6 ಅಂಕದ ಅಂತರ ಏನು ಹೇಳುತ್ತದೆ, ಏನು ಹೇಳುವುದಿಲ್ಲ?

ಪರೀಕ್ಷೆ ಫಲಿತಾಂಶ ಬಂದ ವಾರ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಮೆಸೇಜ್ ಓಡಾಡುತ್ತದೆ. "9ನೇ ತರಗತಿ ಗಣಿತ. ಎ ಸೆಕ್ಷನ್ ಸರಾಸರಿ 68. ಬಿ ಸೆಕ್ಷನ್ ಸರಾಸರಿ 62. ಬಿ ಸೆಕ್ಷನ್ ಮಕ್ಕಳ ಭವಿಷ್ಯ ಯಾರು ನೋಡುತ್ತಾರೆ? ಗಣಿತ ಟೀಚರ್ ಬದಲಾಗಲೇಬೇಕು. ಎಲ್ಲ ಪೋಷಕರಿಗೂ ತಲುಪಿಸಿ." ಸಂಜೆಯೊಳಗೆ ಇದು ನಾಲ್ಕು ಗುಂಪು ದಾಟಿರುತ್ತದೆ. ಮರುದಿನ ಇಬ್ಬರು ಪೋಷಕರು ಹೆಡ್‌ಮಾಸ್ಟರ್ ಕೊಠಡಿಯ ಮುಂದೆ ನಿಂತಿರುತ್ತಾರೆ. ಒಬ್ಬ ಶಿಕ್ಷಕಿಯ ಹೆಸರು ಎರಡು ಸಂಖ್ಯೆಗಳ ಮೇಲೆ ತೂಗಾಡುತ್ತಿರುತ್ತದೆ.

ಹೀಗೆ ಎರಡು ಗುಂಪುಗಳ ಸರಾಸರಿಯನ್ನು ಹೋಲಿಸಿ ನೋಡಲು ಸಂಖ್ಯಾಶಾಸ್ತ್ರದಲ್ಲಿ ನೂರು ವರ್ಷಕ್ಕೂ ಹಳೆಯದಾದ ಒಂದು ವಿಧಾನವಿದೆ. ಅದರ ಹೆಸರು ಟಿ-ಟೆಸ್ಟ್. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ಕೊನೆಗೆ ಒಂದು ವರ್ಗಮೂಲ. ಇಷ್ಟು ಬಂದರೆ ಇದನ್ನು ಮಾಡಬಹುದು. ಮೇಲಿನ ಮೆಸೇಜನ್ನೇ ಇಟ್ಟುಕೊಂಡು ಹಂತ ಹಂತವಾಗಿ ಮಾಡಿ ನೋಡೋಣ. ಇಲ್ಲಿರುವ ಅಂಕಗಳು ಯಾವುದೇ ನಿಜವಾದ ಶಾಲೆಯವಲ್ಲ, ಲೆಕ್ಕ ತೋರಿಸಲೆಂದು ಇಟ್ಟುಕೊಂಡವು.

ಮೊದಲು, ಪ್ರಶ್ನೆ ಯಾವುದು?

ಈ ಪರೀಕ್ಷೆಯಲ್ಲಿ ಯಾವ ಸೆಕ್ಷನ್ ಹೆಚ್ಚು ಅಂಕ ತೆಗೆಯಿತು ಎಂದು ಮಾತ್ರ ಕೇಳುವುದಾದರೆ ಯಾವ ಟೆಸ್ಟೂ ಬೇಕಿಲ್ಲ. ಎ ಸೆಕ್ಷನ್ 6 ಅಂಕ ಮುಂದಿದೆ, ಅಷ್ಟೇ. ಅದರಲ್ಲಿ ಅನುಮಾನವಿಲ್ಲ.

ಆದರೆ ಫಾರ್ವರ್ಡ್ ಹೇಳುತ್ತಿರುವುದು ಅದಲ್ಲ. ಬಿ ಸೆಕ್ಷನ್‌ನಲ್ಲಿ ಪಾಠ ಸರಿಯಾಗಿ ನಡೆಯುತ್ತಿಲ್ಲ, ಮುಂದಿನ ಪರೀಕ್ಷೆಯಲ್ಲೂ ಹೀಗೇ ಆಗುತ್ತದೆ ಎಂದು ಅದು ಹೇಳುತ್ತಿದೆ. ಅಂದರೆ ಒಂದು ದಿನದ ಅಂಕದಿಂದ, ಕಣ್ಣಿಗೆ ಕಾಣದ ಒಂದು ಸಂಗತಿಯ ಬಗ್ಗೆ ತೀರ್ಮಾನಕ್ಕೆ ಬರುತ್ತಿದೆ. ಇಲ್ಲಿ ಅದೃಷ್ಟದ ಪ್ರಶ್ನೆ ಬರುತ್ತದೆ. ಒಂದೇ ಮಗು ಒಂದೇ ಬಗೆಯ ಪ್ರಶ್ನೆಪತ್ರಿಕೆಯನ್ನು ಎರಡು ಬೇರೆ ದಿನ ಬರೆದರೂ ಒಂದೇ ಅಂಕ ಬರುವುದಿಲ್ಲ. ಓದಿದ ಅಧ್ಯಾಯವೇ ಬಂದಿರಬಹುದು, ಹಿಂದಿನ ರಾತ್ರಿ ಜ್ವರ ಇದ್ದಿರಬಹುದು, 7 ಅನ್ನು 1 ಎಂದು ನೋಡಿ ಲೆಕ್ಕ ತಪ್ಪಿರಬಹುದು. ಪ್ರತಿ ಮಗುವಿನ ಅಂಕ ಹೀಗೆ ಸ್ವಲ್ಪ ಅಲುಗಾಡುತ್ತದೆ ಎಂದಮೇಲೆ ಸರಾಸರಿಯೂ ಅಲುಗಾಡುತ್ತದೆ. ಯಾವ ಮಗು ಯಾವ ಸೆಕ್ಷನ್‌ಗೆ ಬಿತ್ತು ಎನ್ನುವುದರಲ್ಲೂ ಅದೃಷ್ಟ ಇರುತ್ತದೆ. ಚೆನ್ನಾಗಿ ಓದುವ ಇಬ್ಬರು ಹೆಚ್ಚಾಗಿ ಎ ಸೆಕ್ಷನ್‌ಗೆ ಹೋದರೂ ಸಾಕು, ಸರಾಸರಿ ಬದಲಾಗುತ್ತದೆ.

ಎರಡೂ ಸೆಕ್ಷನ್‌ಗಳ ನಡುವೆ ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲದಿದ್ದರೂ ಬರೀ ಅದೃಷ್ಟದಿಂದ 6 ಅಂಕದಷ್ಟು ಅಂತರ ಬರುವುದು ಸಾಮಾನ್ಯವೇ, ಅಪರೂಪವೇ? ಟಿ-ಟೆಸ್ಟ್ ಉತ್ತರ ಕೊಡುವುದು ಈ ಒಂದು ಪ್ರಶ್ನೆಗೆ ಮಾತ್ರ.

ಚೀಟಿ ಎತ್ತಿ ನೋಡಿ

ಸೂತ್ರಕ್ಕೆ ಹೋಗುವ ಮೊದಲು ಒಂದು ಆಟ. ಪ್ರತಿ ಸೆಕ್ಷನ್‌ನಲ್ಲಿ 10 ಮಕ್ಕಳು ಎಂದುಕೊಳ್ಳಿ. 100ಕ್ಕೆ ಅವರ ಅಂಕಗಳು ಹೀಗಿವೆ.

ಎ ಸೆಕ್ಷನ್: 52, 58, 61, 64, 66, 69, 72, 75, 79, 84. ಸರಾಸರಿ 68.

ಬಿ ಸೆಕ್ಷನ್: 44, 51, 55, 58, 61, 63, 66, 70, 74, 78. ಸರಾಸರಿ 62.

ಈಗ 20 ಅಂಕಗಳನ್ನೂ 20 ಚೀಟಿಗಳಲ್ಲಿ ಬರೆದು ಒಂದು ಪಾತ್ರೆಗೆ ಹಾಕಿ ಕಲಸಿ. ಕಣ್ಣು ಮುಚ್ಚಿ 10 ಚೀಟಿ ಎತ್ತಿ, ಅದನ್ನು ಎ ಎಂದು ಕರೆಯಿರಿ. ಉಳಿದ 10 ಬಿ. ಎರಡರ ಸರಾಸರಿ ತೆಗೆದು ಅಂತರ ಬರೆದಿಡಿ. ಚೀಟಿ ಮತ್ತೆ ಪಾತ್ರೆಗೆ ಹಾಕಿ, ಕಲಸಿ, ಮತ್ತೆ ಎತ್ತಿ. ಇಲ್ಲಿ ಟೀಚರ್ ಇಲ್ಲ, ಪಾಠ ಇಲ್ಲ, ಸೆಕ್ಷನ್ ಎನ್ನುವುದು ಬರೀ ಹೆಸರು. ಆದರೂ ಪ್ರತಿ ಸಲ ಎರಡು ಸರಾಸರಿಗಳೂ ಸಮ ಬರುವುದಿಲ್ಲ. ಒಮ್ಮೆ 2 ಅಂಕದ ಅಂತರ, ಒಮ್ಮೆ 5, ಒಮ್ಮೆ ಬಿ ಮುಂದೆ, ಒಮ್ಮೆ ಎ ಮುಂದೆ. 20 ಚೀಟಿಗಳನ್ನು ಹತ್ತು-ಹತ್ತಾಗಿ ಹಂಚಲು ಒಟ್ಟು 1,84,756 ದಾರಿಗಳಿವೆ. ಎಲ್ಲವನ್ನೂ ಮಾಡಿ ಮುಗಿಸಲು ಯಾರಿಗೂ ಆಗದು. ಆದರೆ ಕುಳಿತು ಒಂದು ನೂರು ಸಲ ಮಾಡಿದರೂ ಗೊತ್ತಾಗುತ್ತದೆ: ಸುಮಾರು ಐದರಲ್ಲಿ ಒಂದು ಸಲ 6 ಅಂಕ ಅಥವಾ ಅದಕ್ಕಿಂತ ದೊಡ್ಡ ಅಂತರ ತಾನಾಗಿಯೇ ಬರುತ್ತದೆ.

ಫಾರ್ವರ್ಡ್‌ನಲ್ಲಿ ಅಷ್ಟು ಗಲಾಟೆ ಎಬ್ಬಿಸಿದ ಅಂತರವನ್ನು ಪಾತ್ರೆಯಲ್ಲಿರುವ ಚೀಟಿಗಳೇ ಐದಕ್ಕೊಂದು ಸಲ ಹುಟ್ಟಿಸುತ್ತವೆ. ಟಿ-ಟೆಸ್ಟ್ ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸವನ್ನು, ಚೀಟಿ ಇಲ್ಲದೆ, ನಾಲ್ಕು ಸಾಲಿನ ಲೆಕ್ಕದಲ್ಲಿ.

ನಾಲ್ಕು ಸಾಲಿನ ಲೆಕ್ಕ

ಮೊದಲು ಪ್ರತಿ ಸೆಕ್ಷನ್‌ನೊಳಗೆ ಅಂಕಗಳು ಎಷ್ಟು ಚದುರಿವೆ ಎಂದು ನೋಡಬೇಕು. ಎ ಸೆಕ್ಷನ್‌ನ ಪ್ರತಿ ಅಂಕದಿಂದ ಸರಾಸರಿ 68 ಕಳೆಯಿರಿ. 52 ತೆಗೆದ ಮಗು ಸರಾಸರಿಗಿಂತ 16 ಕೆಳಗಿದೆ, 84 ತೆಗೆದ ಮಗು 16 ಮೇಲಿದೆ. ಹೀಗೆ ಬಂದ ಹತ್ತು ವ್ಯತ್ಯಾಸಗಳನ್ನೂ ವರ್ಗ ಮಾಡಿ ಕೂಡಿದರೆ 868 ಬರುತ್ತದೆ. ಅದನ್ನು 9ರಿಂದ, ಅಂದರೆ ಮಕ್ಕಳ ಸಂಖ್ಯೆಗಿಂತ ಒಂದು ಕಡಿಮೆಯಿಂದ, ಭಾಗಿಸಿದರೆ 96.44. ಇದರ ವರ್ಗಮೂಲ 9.8. ಶಾಲಾ ಪುಸ್ತಕದಲ್ಲಿ ಇದನ್ನೇ ಮಾನಕ ವಿಚಲನೆ ಎನ್ನುತ್ತಾರೆ. ಎ ಸೆಕ್ಷನ್‌ನ ಮಕ್ಕಳು ಸರಾಸರಿಯಿಂದ ಸುಮಾರು 10 ಅಂಕದಷ್ಟು ಆಚೀಚೆ ಇದ್ದಾರೆ ಎಂದು ಓದಿಕೊಂಡರೆ ಸಾಕು.

ಬಿ ಸೆಕ್ಷನ್‌ಗೂ ಹೀಗೇ ಮಾಡಿದರೆ ವರ್ಗಗಳ ಮೊತ್ತ 992, 9ರಿಂದ ಭಾಗಿಸಿದಾಗ 110.22, ವರ್ಗಮೂಲ 10.5.

ಈಗಲೇ ಒಂದು ಸಂಗತಿ ಗಮನಿಸಿ. ಎರಡು ಸೆಕ್ಷನ್‌ಗಳ ನಡುವಿನ ಅಂತರ 6. ಆದರೆ ಒಂದೇ ಸೆಕ್ಷನ್‌ನೊಳಗೆ ಮಕ್ಕಳ ನಡುವಿನ ಏರಿಳಿತ 10ರಷ್ಟಿದೆ. ಒಂದೇ ಟೀಚರ್ ಬಳಿ ಕಲಿತ ಮಕ್ಕಳ ನಡುವಿನ ವ್ಯತ್ಯಾಸ, ಇಬ್ಬರು ಟೀಚರ್‌ಗಳ ತರಗತಿಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. ಇದೇ ಕಾರಣಕ್ಕೆ ಬರೀ ಸರಾಸರಿ ಹೇಳುವ ಮೆಸೇಜ್ ಅರ್ಧ ಕಥೆಯನ್ನು ಮುಚ್ಚಿಡುತ್ತದೆ.

ಮುಂದಿನ ಹೆಜ್ಜೆ: ಸರಾಸರಿಗಳ ಅಂತರ ಅದೃಷ್ಟದಿಂದ ಎಷ್ಟು ಅಲುಗಾಡಬಹುದು ಎಂದು ಅಳೆಯುವುದು. ಪ್ರತಿ ಸೆಕ್ಷನ್‌ನ ಚದುರಿಕೆಯ ವರ್ಗವನ್ನು ಆ ಸೆಕ್ಷನ್‌ನ ಮಕ್ಕಳ ಸಂಖ್ಯೆಯಿಂದ ಭಾಗಿಸಿ, ಎರಡನ್ನೂ ಕೂಡಿ, ವರ್ಗಮೂಲ ತೆಗೆಯಬೇಕು. ಆಮೇಲೆ ಅಂತರವನ್ನು ಅದರಿಂದ ಭಾಗಿಸಬೇಕು.

```
t = (68 - 62) / √(96.44/10 + 110.22/10)
  = 6 / 4.55
  = 1.32
```

4.55 ಎಂದರೆ ಅದೃಷ್ಟದ ಅಲುಗಾಟದ ಅಳತೆ. ನಮಗೆ ಕಂಡ ಅಂತರ ಆ ಅಲುಗಾಟದ 1.32 ಪಟ್ಟು ಮಾತ್ರ. ರೇಡಿಯೊದಲ್ಲಿ ಗೊರಗೊರ ಸದ್ದಿನ ನಡುವೆ ಹಾಡು ಕೇಳಿದಂತೆ: ಹಾಡಿನ ದನಿ ಗೊರಗೊರಕ್ಕಿಂತ ಎಷ್ಟು ಪಟ್ಟು ಜೋರಾಗಿದೆ ಎನ್ನುವುದೇ ಟಿ.

ಎಷ್ಟು ಪಟ್ಟು ಇದ್ದರೆ ನಂಬಬಹುದು? 10 ಮತ್ತು 10 ಮಕ್ಕಳಿದ್ದಾಗ ಕೋಷ್ಟಕ ಹೇಳುವ ಗಡಿ 2.10. ಈ ಗಡಿ ಸಾಮಾನ್ಯವಾಗಿ ಒಪ್ಪಿಕೊಂಡಿರುವ 5% ರೂಢಿಯಿಂದ ಬಂದದ್ದು. ವ್ಯತ್ಯಾಸವೇ ಇಲ್ಲದಿದ್ದಾಗ ಟಿ ಈ ಗಡಿಯನ್ನು ದಾಟುವುದು ನೂರಕ್ಕೆ 5 ಸಲ ಮಾತ್ರ. ನಮ್ಮ 1.32 ಅದರ ಹತ್ತಿರವೂ ಇಲ್ಲ. ಟಿ 1.32 ಇದ್ದಾಗ ಪಿ ವ್ಯಾಲ್ಯೂ ಸುಮಾರು 0.20, ಅಂದರೆ ಐದರಲ್ಲಿ ಒಂದು. ಚೀಟಿ ಆಟದಲ್ಲಿ ಬಂದ ಉತ್ತರವೇ ಇಲ್ಲೂ ಬಂತು.

ಅಂದಹಾಗೆ ಇದರ ಪೂರ್ಣ ಹೆಸರು "ಸ್ಟೂಡೆಂಟ್ಸ್ ಟಿ-ಟೆಸ್ಟ್". ವಿದ್ಯಾರ್ಥಿಗಳ ಅಂಕ ಹೋಲಿಸಲು ಹುಟ್ಟಿದ್ದು ಎಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಸೀಲಿ ಗಾಸೆಟ್ 1908ರಲ್ಲಿ ಇದರ ಮೂಲ ಲೇಖನ ಪ್ರಕಟಿಸಿದರು. ಸ್ವಂತ ಹೆಸರಿನಲ್ಲಿ ಪ್ರಕಟಿಸಲು ಕಂಪನಿ ಬಿಡುತ್ತಿರಲಿಲ್ಲ, ಹಾಗಾಗಿ "ಸ್ಟೂಡೆಂಟ್" ಎಂಬ ಗುಪ್ತನಾಮ ಇಟ್ಟುಕೊಂಡರು. ಕೈಯಲ್ಲಿ ಕೆಲವೇ ಮಾದರಿಗಳಿದ್ದಾಗ ಸರಾಸರಿಯನ್ನು ಎಷ್ಟು ನಂಬಬಹುದು ಎನ್ನುವುದು ಅವರ ಸಮಸ್ಯೆಯಾಗಿತ್ತು. ಹತ್ತು ಮಕ್ಕಳ ಸೆಕ್ಷನ್‌ನಲ್ಲಿ ನಮಗಿರುವ ಸಮಸ್ಯೆಯೂ ಅದೇ.

ಅದೇ 6 ಅಂಕ, ಆದರೆ 40 ಮಕ್ಕಳು

ಹಾಗಾದರೆ 6 ಅಂಕದ ಅಂತರಕ್ಕೆ ಬೆಲೆಯೇ ಇಲ್ಲವೇ? ಸೆಕ್ಷನ್‌ನಲ್ಲಿ 10ರ ಬದಲು 40 ಮಕ್ಕಳಿದ್ದಾರೆ ಎಂದುಕೊಳ್ಳಿ. ಸರಾಸರಿಗಳು ಅವೇ, 68 ಮತ್ತು 62. ಚದುರಿಕೆಯೂ ಅದೇ. ಬದಲಾಗಿದ್ದು ಭಾಗಿಸುವ ಸಂಖ್ಯೆ ಮಾತ್ರ.

```
t = 6 / √(96.44/40 + 110.22/40)
  = 6 / 2.27
  = 2.64
```

ಮಕ್ಕಳ ಸಂಖ್ಯೆ ನಾಲ್ಕು ಪಟ್ಟಾದಾಗ ಅಲುಗಾಟ ಅರ್ಧಕ್ಕೆ ಇಳಿಯಿತು, ಟಿ ಎರಡು ಪಟ್ಟಾಯಿತು. ಇಲ್ಲಿ ಗಡಿ ಸುಮಾರು 1.99. ನಾವು ಅದನ್ನು ದಾಟಿದ್ದೇವೆ. ಪಿ ವ್ಯಾಲ್ಯೂ ಸುಮಾರು 0.01. ವ್ಯತ್ಯಾಸವೇ ಇಲ್ಲದ ಎರಡು ಸೆಕ್ಷನ್‌ಗಳಲ್ಲಿ ಇಷ್ಟು ದೊಡ್ಡ ಅಂತರ ಅದೃಷ್ಟದಿಂದ ಬರುವುದು ನೂರಕ್ಕೆ ಒಂದು ಸಲ. ಈಗ ಅದೃಷ್ಟ ಎಂದು ತಳ್ಳಿಹಾಕುವುದು ಕಷ್ಟ.

ಎರಡೂ ಸಂದರ್ಭದಲ್ಲಿ ಫಾರ್ವರ್ಡ್‌ನ ಒಕ್ಕಣೆ ಒಂದೇ ಆಗಿರುತ್ತಿತ್ತು: 68 ಮತ್ತು 62. ಮಕ್ಕಳು ಎಷ್ಟು, ಅಂಕಗಳು ಎಷ್ಟು ಚದುರಿವೆ ಎನ್ನುವ ಎರಡು ಮಾಹಿತಿ ಇಲ್ಲದಿದ್ದರೆ ಆ ಮೆಸೇಜಿನಿಂದ ಯಾವ ತೀರ್ಮಾನಕ್ಕೂ ಬರಲಾಗದು, ಓದಿದವರು ಎಷ್ಟೇ ಬುದ್ಧಿವಂತರಾಗಿರಲಿ.

ಈ ಲೆಕ್ಕ ನಡೆಯಲು ಬೇಕಾದ ಷರತ್ತುಗಳು

ಟಿ-ಟೆಸ್ಟ್ ಎಲ್ಲೆಂದರಲ್ಲಿ ಓಡುವ ಯಂತ್ರವಲ್ಲ. ಯಾವ ಅಂಕ ಕೊಟ್ಟರೂ ಒಂದು ಉತ್ತರವನ್ನಂತೂ ಉಗುಳುತ್ತದೆ, ಅದೇ ಅಪಾಯ. ಕೆಲವು ಷರತ್ತುಗಳನ್ನು ನಾವೇ ನೋಡಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು, ಪ್ರತಿ ಮಗುವಿನ ಅಂಕ ಅದರದೇ ಆಗಿರಬೇಕು. ಹಿಂದಿನ ಬೆಂಚಿನ ಐದು ಮಕ್ಕಳು ಒಬ್ಬನನ್ನು ನೋಡಿ ಬರೆದಿದ್ದರೆ ಅಲ್ಲಿರುವುದು ಐದು ಹೊಸ ಮಾಹಿತಿಯಲ್ಲ, ಒಂದೇ ಮಾಹಿತಿ ಐದು ಸಲ. ಆದರೆ ಸೂತ್ರಕ್ಕೆ ಅದು ಗೊತ್ತಿಲ್ಲ. ಅದು ಐವರನ್ನೂ ಬೇರೆ ಬೇರೆ ಎಂದು ಎಣಿಸಿ ಅಲುಗಾಟವನ್ನು ಕಡಿಮೆ ತೋರಿಸುತ್ತದೆ, ಟಿ ಸುಳ್ಳಾಗಿ ಉಬ್ಬುತ್ತದೆ. ಉಳಿದ ಷರತ್ತುಗಳು ಸ್ವಲ್ಪ ಹಿಂದುಮುಂದಾದರೆ ಟೆಸ್ಟ್ ಸಹಿಸಿಕೊಳ್ಳುತ್ತದೆ, ಇದನ್ನು ಸಹಿಸಿಕೊಳ್ಳುವುದಿಲ್ಲ. ಅಂಕಪಟ್ಟಿಯನ್ನು ನೋಡಿ ಇದನ್ನು ಕಂಡುಹಿಡಿಯುವುದೂ ಕಷ್ಟ, ಉತ್ತರಪತ್ರಿಕೆಗಳನ್ನೇ ನೋಡಬೇಕು. ಒಂದೇ ವಿಚಿತ್ರ ತಪ್ಪು ಐದು ಕಡೆ ಕಂಡರೆ ಅನುಮಾನ ಪಡಬಹುದು.

ಇದೇ ಷರತ್ತಿಗೆ ಸೇರಿದ ಇನ್ನೊಂದು ವಿಷಯ: ಎರಡು ಪಟ್ಟಿಗಳಲ್ಲಿ ಇರುವವರು ಬೇರೆ ಬೇರೆ ಮಕ್ಕಳಾಗಿರಬೇಕು. ಅದೇ ಸೆಕ್ಷನ್‌ನ ಅರ್ಧವಾರ್ಷಿಕ ಅಂಕವನ್ನೂ ವಾರ್ಷಿಕ ಅಂಕವನ್ನೂ ಹೋಲಿಸುವುದಾದರೆ ಈ ಟೆಸ್ಟ್ ಸಲ್ಲದು. ಅಲ್ಲಿ ಪ್ರತಿ ಮಗುವಿನ ಏರಿಕೆ ಇಳಿಕೆಯನ್ನು ಜೋಡಿಯಾಗಿ ನೋಡುವ ಬೇರೆ ಟಿ-ಟೆಸ್ಟ್ ಇದೆ.

ಎರಡನೆಯದು ಅಂಕಗಳ ಆಕಾರ. ಹೆಚ್ಚಿನ ಮಕ್ಕಳು ಸರಾಸರಿಯ ಹತ್ತಿರ, ಎರಡೂ ತುದಿಗಳಲ್ಲಿ ಕೆಲವರು, ಹೀಗೆ ಗಂಟೆಯ ಆಕಾರದಲ್ಲಿ ಹರಡಿದ್ದರೆ ಲೆಕ್ಕ ಸರಿಯಾಗಿ ನಡೆಯುತ್ತದೆ. ತೀರಾ ಪರಿಪೂರ್ಣ ಗಂಟೆ ಬೇಕಿಲ್ಲ, 30-40 ಮಕ್ಕಳಿದ್ದರೆ ಸಾಕಷ್ಟು ವಕ್ರವಾಗಿದ್ದರೂ ನಡೆಯುತ್ತದೆ. ತೊಂದರೆ ಇರುವುದು ಮಕ್ಕಳು ಕಡಿಮೆ ಇದ್ದು, ಒಂದಿಬ್ಬರ ಅಂಕ ಉಳಿದವರಿಂದ ಎಲ್ಲೋ ದೂರ ಇದ್ದಾಗ. ಅದನ್ನು ಮುಂದೆ ಲೆಕ್ಕದಲ್ಲೇ ನೋಡೋಣ.

ಮೂರನೆಯದು ಚದುರಿಕೆ. ಟಿ-ಟೆಸ್ಟ್‌ನ ಹಳೆಯ ರೂಪ ಎರಡೂ ಗುಂಪುಗಳಲ್ಲಿ ಚದುರಿಕೆ ಒಂದೇ ಎಂದು ಭಾವಿಸಿಕೊಳ್ಳುತ್ತದೆ. ನಮ್ಮ ಉದಾಹರಣೆಯಲ್ಲಿ 9.8 ಮತ್ತು 10.5, ಚಿಂತೆಯಿಲ್ಲ. ಆದರೆ ಒಂದು ಸೆಕ್ಷನ್‌ನಲ್ಲಿ 15 ಮಕ್ಕಳಿದ್ದು ಅಂಕಗಳು ಬಹಳ ಚದುರಿದ್ದರೆ, ಇನ್ನೊಂದರಲ್ಲಿ 50 ಮಕ್ಕಳಿದ್ದು ಒತ್ತೊತ್ತಾಗಿದ್ದರೆ, ಹಳೆಯ ಸೂತ್ರ ಇಲ್ಲದ ವ್ಯತ್ಯಾಸವನ್ನು ಇದೆ ಎಂದು ಹೇಳುವುದು ಹೆಚ್ಚು. ವೆಲ್ಚ್ ಎಂಬ ಸಂಖ್ಯಾಶಾಸ್ತ್ರಜ್ಞರ ಹೆಸರಿನ ರೂಪ ಈ ಷರತ್ತನ್ನೇ ಕೈಬಿಡುತ್ತದೆ. ನನ್ನ ಅಭಿಪ್ರಾಯದಲ್ಲಿ ಯಾವಾಗಲೂ ವೆಲ್ಚ್ ರೂಪವನ್ನೇ ಬಳಸುವುದು ಒಳ್ಳೆಯದು. ಚದುರಿಕೆ ಒಂದೇ ಆಗಿದ್ದರೆ ನಷ್ಟ ತೀರಾ ಕಡಿಮೆ, ಬೇರೆ ಆಗಿದ್ದರೆ ಲಾಭ ದೊಡ್ಡದು.

ಗೈರುಹಾಜರಾದ ಮಗು ಮತ್ತು ಸೊನ್ನೆ

ಅಂಕಪಟ್ಟಿಗಳಲ್ಲಿ ಕಾಣುವ ತಪ್ಪುಗಳಲ್ಲಿ ನನಗೆ ಅತಿ ಕುತೂಹಲದ್ದು ಇದು. ಬಿ ಸೆಕ್ಷನ್‌ನಲ್ಲಿ 44 ತೆಗೆದ ಮಗು ಪರೀಕ್ಷೆಗೆ ಬಂದೇ ಇರಲಿಲ್ಲ ಎಂದುಕೊಳ್ಳಿ. ಪಟ್ಟಿ ತುಂಬಿದವರು ಆ ಜಾಗದಲ್ಲಿ 0 ಹಾಕಿದರು. ಬಿ ಸೆಕ್ಷನ್‌ನ ಸರಾಸರಿ ತಕ್ಷಣ 62ರಿಂದ 57.6ಕ್ಕೆ ಕುಸಿಯುತ್ತದೆ. ಅಂತರ 6 ಇದ್ದದ್ದು 10.4 ಆಗುತ್ತದೆ. ಫಾರ್ವರ್ಡ್ ಮಾಡುವವರಿಗೆ ಹಬ್ಬ: "ಹತ್ತು ಅಂಕಕ್ಕಿಂತ ಹೆಚ್ಚಿನ ಅಂತರ!"

ಟಿ ಎಷ್ಟಾಗುತ್ತದೆ? ಆ ಒಂದು ಸೊನ್ನೆ ಬಿ ಸೆಕ್ಷನ್‌ನ ಚದುರಿಕೆಯನ್ನು 10.5ರಿಂದ 21.9ಕ್ಕೆ ಎತ್ತಿಬಿಡುತ್ತದೆ. ಅಲುಗಾಟದ ಅಳತೆ 4.55ರಿಂದ 7.59ಕ್ಕೆ ಏರುತ್ತದೆ. 10.4 ಅನ್ನು 7.59ರಿಂದ ಭಾಗಿಸಿದರೆ 1.37. ಅಂತರ ಹತ್ತಿರಹತ್ತಿರ ಎರಡು ಪಟ್ಟಾದರೂ ಟಿ 1.32ರಿಂದ 1.37ಕ್ಕೆ ಮಾತ್ರ ಜರುಗಿತು. ಅಂತರ ದೊಡ್ಡದಾಗಿದೆ, ಪುರಾವೆ ದೊಡ್ಡದಾಗಿಲ್ಲ.

ಇದನ್ನು ಪತ್ತೆ ಹಚ್ಚಲು ಸುಲಭ ಉಪಾಯ ಮಧ್ಯಾಂಕ. ಅಂಕಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ನೋಡಿ. ಬಿ ಸೆಕ್ಷನ್‌ನ ನಡುವಿನ ಎರಡು ಅಂಕಗಳು 61 ಮತ್ತು 63, ಮಧ್ಯಾಂಕ 62. ಸೊನ್ನೆ ಹಾಕಿದ ಮೇಲೂ ಅದು 62 ಆಗಿಯೇ ಇರುತ್ತದೆ. ಸರಾಸರಿ 57.6, ಮಧ್ಯಾಂಕ 62 ಎಂದು ಕಂಡರೆ ಪಟ್ಟಿಯ ಕೆಳತುದಿಯಲ್ಲಿ ಯಾರೋ ಒಬ್ಬರು ಸರಾಸರಿಯನ್ನು ಎಳೆಯುತ್ತಿದ್ದಾರೆ ಎಂದರ್ಥ. ಹೋಗಿ ನೋಡಿ. ಗೈರಾಗಿದ್ದರೆ ಆ ಹೆಸರನ್ನು ಲೆಕ್ಕದಿಂದ ತೆಗೆಯಬೇಕು, ಏಕೆಂದರೆ ಬರೆಯದ ಪರೀಕ್ಷೆಯಲ್ಲಿ 0 ಎನ್ನುವುದು ಅಂಕವೇ ಅಲ್ಲ. ನಿಜವಾಗಿ ಬರೆದು ಸೊನ್ನೆ ತೆಗೆದಿದ್ದರೆ ಮಾತ್ರ ಇರಬೇಕು. ತೀರ್ಮಾನ ನಮಗೆ ಬೇಕಾದ ಕಡೆ ವಾಲಲಿ ಎಂದು ಕಡಿಮೆ ಅಂಕದವರನ್ನು ತೆಗೆಯುವುದು ಇನ್ನೊಂದು ಬಗೆಯ ಮೋಸ.

ಉತ್ತರವನ್ನು ಮಾತಿನಲ್ಲಿ ಹೇಳುವುದು ಹೇಗೆ?

ಲೆಕ್ಕ ಸರಿಯಾಗಿ ಮಾಡಿದವರೂ ಎಡವುವುದು ಇಲ್ಲಿ. ಪಿ ವ್ಯಾಲ್ಯೂ 0.20 ಬಂದಾಗ "ಎರಡೂ ಸೆಕ್ಷನ್ ಸಮಾನ ಎಂದು ಸಾಬೀತಾಯಿತು" ಎಂದು ಬರೆಯುತ್ತಾರೆ. ಸಾಬೀತಾಗಿಲ್ಲ. ಕೋರ್ಟಿನಲ್ಲಿ ಸಾಕ್ಷಿ ಸಾಲದೆ ಬಿಡುಗಡೆಯಾದರೆ ಆತ ನಿರಪರಾಧಿ ಎಂದು ತೋರಿಸಿದಂತೆ ಆಗುವುದಿಲ್ಲವಷ್ಟೇ, ಇದೂ ಹಾಗೆ. ಹತ್ತು ಮಕ್ಕಳ ಅಂಕದಲ್ಲಿ ಸಾಕ್ಷಿ ಸಾಲಲಿಲ್ಲ.

ಎಷ್ಟು ಸಾಲಲಿಲ್ಲ ಎಂದು ತಿಳಿಯಲು ವಿಶ್ವಾಸ ವ್ಯಾಪ್ತಿ ನೋಡಬಹುದು. ಅಲುಗಾಟ 4.55 ಅನ್ನು ಗಡಿ 2.10ರಿಂದ ಗುಣಿಸಿದರೆ ಸುಮಾರು 9.5. ಇದನ್ನು 6ರಿಂದ ಕಳೆದು, 6ಕ್ಕೆ ಕೂಡಿ. ನಿಜವಾದ ಅಂತರ ಎ ಸೆಕ್ಷನ್ 15.5 ಅಂಕ ಮುಂದೆ ಇರುವಷ್ಟು ಇರಬಹುದು, ಬಿ ಸೆಕ್ಷನ್ 3.5 ಅಂಕ ಮುಂದೆ ಇರುವಷ್ಟೂ ಇರಬಹುದು. ಎರಡೂ ಈ ಅಂಕಗಳಿಗೆ ಹೊಂದುತ್ತವೆ. 40 ಮಕ್ಕಳಿದ್ದಾಗ ಇದೇ ವ್ಯಾಪ್ತಿ 1.5ರಿಂದ 10.5. ಅಲ್ಲಿ ಎ ಸೆಕ್ಷನ್ ಮುಂದಿದೆ ಎನ್ನಬಹುದು, ಆದರೆ ಒಂದೂವರೆ ಅಂಕವೋ ಹತ್ತೂವರೆ ಅಂಕವೋ ಎನ್ನುವುದು ಇನ್ನೂ ಮಸುಕು. ಪಿ ವ್ಯಾಲ್ಯೂಗಿಂತ ನನಗೆ ಈ ವ್ಯಾಪ್ತಿಯೇ ಇಷ್ಟ. ಅಂಕದ ಭಾಷೆಯಲ್ಲೇ ಮಾತಾಡುತ್ತದೆ, ಪೋಷಕರಿಗೆ ಅರ್ಥವಾಗುತ್ತದೆ.

ಇನ್ನೊಂದು ತಪ್ಪು ಓದು: ಪಿ 0.01 ಎಂದರೆ "ವ್ಯತ್ಯಾಸ ನಿಜ ಎನ್ನುವುದಕ್ಕೆ 99% ಖಾತರಿ" ಎಂದು. ಅಲ್ಲ. ವ್ಯತ್ಯಾಸ ಇಲ್ಲ ಎಂದು ಮೊದಲೇ ಒಪ್ಪಿಕೊಂಡು, ಆಗ ಇಂಥ ಅಂಕ ಬರುವುದು ಎಷ್ಟು ಅಪರೂಪ ಎಂದು ಅದು ಹೇಳುತ್ತದೆ. ಮಳೆ ಬಂದರೆ ನೆಲ ಒದ್ದೆಯಾಗುವುದು ಬೇರೆ, ನೆಲ ಒದ್ದೆಯಿದ್ದರೆ ಮಳೆಯೇ ಬಂದಿರಬೇಕು ಎನ್ನುವುದು ಬೇರೆ. ಈ ತಪ್ಪು ಎಷ್ಟು ವ್ಯಾಪಕ ಎಂದರೆ ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘ 2016ರಲ್ಲಿ ಪಿ ವ್ಯಾಲ್ಯೂ ಬಗ್ಗೆ ಒಂದು ಹೇಳಿಕೆಯನ್ನೇ ಹೊರಡಿಸಿ ಎಚ್ಚರಿಸಬೇಕಾಯಿತು.

ಹತ್ತು ಮಕ್ಕಳ ಉದಾಹರಣೆಗೆ ಸರಿಯಾದ ಮಾತು ಹೀಗಿರಬಹುದು: "ಈ ಪರೀಕ್ಷೆಯಲ್ಲಿ ಎ ಸೆಕ್ಷನ್‌ನ 10 ಮಕ್ಕಳ ಸರಾಸರಿ ಬಿ ಸೆಕ್ಷನ್‌ಗಿಂತ 6 ಅಂಕ ಹೆಚ್ಚಿತ್ತು. ಇಷ್ಟು ಅಂತರ ಅದೃಷ್ಟದಿಂದಲೂ ಐದರಲ್ಲಿ ಒಂದು ಸಲ ಬರುತ್ತದೆ. ಹಾಗಾಗಿ ಎರಡು ಸೆಕ್ಷನ್‌ಗಳ ನಡುವೆ ನಿಜವಾದ ವ್ಯತ್ಯಾಸ ಇದೆ ಎಂದು ಈ ಒಂದು ಪರೀಕ್ಷೆಯಿಂದ ಹೇಳಲಾಗದು, ಇಲ್ಲ ಎಂದೂ ಹೇಳಲಾಗದು."

ಹಾಗಾದರೆ ಟೀಚರ್ ಕಾರಣವೇ?

40 ಮಕ್ಕಳ ಲೆಕ್ಕದಲ್ಲಿ ಗಡಿ ದಾಟಿತು. ಅಲ್ಲಾದರೂ ಫಾರ್ವರ್ಡ್ ಹೇಳಿದ್ದು ಸರಿಯೇ? ಇಲ್ಲ. ಟಿ-ಟೆಸ್ಟ್ "ಅದೃಷ್ಟ ಮಾತ್ರ ಎನ್ನುವುದು ಕಷ್ಟ" ಎನ್ನುತ್ತದೆ. ಕಾರಣ ಯಾವುದು ಎಂದು ಅದು ಹೇಳುವುದೇ ಇಲ್ಲ.

ಸೆಕ್ಷನ್ ಹೇಗೆ ಮಾಡಿದರು ಎಂದು ಮೊದಲು ಕೇಳಿ. ಹಿಂದಿನ ವರ್ಷದ ಅಂಕದ ಮೇಲೆ ಹಂಚಿದ್ದರೆ ಎ ಸೆಕ್ಷನ್ ಮೊದಲ ದಿನವೇ ಮುಂದಿತ್ತು, ಟೀಚರ್ ಬಾಗಿಲೊಳಗೆ ಕಾಲಿಡುವ ಮೊದಲೇ. ಪ್ರಥಮ ಭಾಷೆಯ ಆಯ್ಕೆ ಅಥವಾ ಮಾಧ್ಯಮದ ಮೇಲೆ ಹಂಚಿದ್ದರೂ ಮನೆಯ ಹಿನ್ನೆಲೆ, ಟ್ಯೂಷನ್ ಎಲ್ಲ ಅದರ ಜೊತೆಗೇ ಬರುತ್ತವೆ. ಎರಡು ಸೆಕ್ಷನ್‌ಗಳ ಉತ್ತರಪತ್ರಿಕೆ ತಿದ್ದಿದವರು ಬೇರೆಯವರಾಗಿದ್ದರೆ ಒಬ್ಬರ ಕೈ ಬಿಗಿ, ಇನ್ನೊಬ್ಬರ ಕೈ ಸಡಿಲ ಇರಬಹುದು. ಆ 6 ಅಂಕ ಕಲಿಕೆಯದ್ದಲ್ಲ, ಕೆಂಪು ಪೆನ್ನಿನದ್ದು.

ಮಕ್ಕಳನ್ನು ಚೀಟಿ ಎತ್ತಿ ಹಂಚಿ, ಒಬ್ಬರೇ ತಿದ್ದಿದ್ದರೂ ಒಂದು ಮಿತಿ ಉಳಿಯುತ್ತದೆ. ಮಕ್ಕಳು 80 ಇದ್ದಾರೆ, ಆದರೆ ಟೀಚರ್‌ಗಳು ಇಬ್ಬರೇ. ಬಿ ಸೆಕ್ಷನ್‌ನ ಗಣಿತದ ಪೀರಿಯಡ್ ಊಟದ ನಂತರ ಇದ್ದರೆ, ತರಗತಿಯ ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದರೆ, ಅದು 40 ಮಕ್ಕಳನ್ನೂ ಒಟ್ಟಿಗೆ ಎಳೆಯುತ್ತದೆ. ಟೀಚರ್‌ನ ಪರಿಣಾಮವನ್ನೂ ಇವುಗಳ ಪರಿಣಾಮವನ್ನೂ ಈ ಅಂಕಗಳಿಂದ ಬೇರ್ಪಡಿಸಲು ದಾರಿಯೇ ಇಲ್ಲ. "ಈ ಬೋಧನಾ ವಿಧಾನ ಆ ವಿಧಾನಕ್ಕಿಂತ ಒಳ್ಳೆಯದು" ಎಂದು ಹೇಳಬೇಕಾದರೆ ಹಲವು ತರಗತಿಗಳು, ಹಲವು ಶಿಕ್ಷಕರು ಬೇಕು.

ಮೆಸೇಜ್ ಗಣಿತದ ಬಗ್ಗೆ ಮಾತ್ರ ಏಕೆ ಇದೆ ಎಂದೂ ನೋಡಿ. ಆರು ವಿಷಯಗಳಲ್ಲಿ ಹೋಲಿಸಿ, ಅಂತರ ಕಂಡ ಒಂದನ್ನು ಮಾತ್ರ ಆರಿಸಿ ಕಳಿಸಿರಬಹುದು. ಯಾವ ವಿಷಯದಲ್ಲೂ ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಒಂದಕ್ಕೊಂದು ಸಂಬಂಧವಿಲ್ಲದ ಆರು ಹೋಲಿಕೆಗಳಲ್ಲಿ ಕನಿಷ್ಠ ಒಂದಾದರೂ 5% ಗಡಿಯನ್ನು ಅದೃಷ್ಟದಿಂದ ದಾಟುವ ಸಾಧ್ಯತೆ ಸುಮಾರು 26%. ಉಳಿದ ಐದು ವಿಷಯಗಳ ಅಂಕ ಕೇಳಿ.

ನಿಮ್ಮ ಫೋನಿನಲ್ಲೇ ಮಾಡಿ ನೋಡಲು

ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್ ಇದ್ದರೆ ವರ್ಗಮೂಲದ ಗೋಜೂ ಬೇಡ. ಎ ಸೆಕ್ಷನ್‌ನ ಅಂಕಗಳನ್ನು ಮೊದಲ ಕಾಲಂನಲ್ಲಿ 2ರಿಂದ 11ನೇ ಸಾಲಿನವರೆಗೆ, ಬಿ ಸೆಕ್ಷನ್‌ನದನ್ನು ಎರಡನೇ ಕಾಲಂನಲ್ಲಿ ತುಂಬಿ, ಖಾಲಿ ಇರುವ ಬೇರೊಂದು ಚೌಕದಲ್ಲಿ ಹೀಗೆ ಬರೆಯಿರಿ:

```
=T.TEST(A2:A11, B2:B11, 2, 3)
```

ಬರುವ ಉತ್ತರ ನೇರವಾಗಿ ಪಿ ವ್ಯಾಲ್ಯೂ. ಮೇಲಿನ ಅಂಕಗಳಿಗೆ ಸುಮಾರು 0.20 ಬರಬೇಕು, ಬಂದರೆ ಸರಿಯಾಗಿ ತುಂಬಿದ್ದೀರಿ. ಕೊನೆಯಿಂದ ಎರಡನೆಯ ಜಾಗದ 2 ಎಂದರೆ ಯಾವ ಸೆಕ್ಷನ್ ಮುಂದಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು. ಅಲ್ಲಿ 1 ಹಾಕಿದರೆ ಪಿ ವ್ಯಾಲ್ಯೂ ಅರ್ಧಕ್ಕೆ ಇಳಿಯುತ್ತದೆ. ಅಂಕ ನೋಡಿದ ಮೇಲೆ 1 ಹಾಕುವುದು ಸರಿಯಲ್ಲ, ಏಕೆಂದರೆ ಬಿ ಸೆಕ್ಷನ್ ಮುಂದಿದ್ದರೂ ಒಂದು ಫಾರ್ವರ್ಡ್ ಹುಟ್ಟುತ್ತಲೇ ಇತ್ತು. ಕೊನೆಯ 3 ವೆಲ್ಚ್ ರೂಪ. ಅಲ್ಲಿ 2 ಎಂದರೆ ಚದುರಿಕೆ ಸಮ ಎಂದು ಭಾವಿಸುವ ಹಳೆಯ ರೂಪ, 1 ಎಂದರೆ ಅದೇ ಮಕ್ಕಳ ಎರಡು ಪರೀಕ್ಷೆಗಳನ್ನು ಜೋಡಿಯಾಗಿ ನೋಡುವ ರೂಪ. ಎರಡು ಬೇರೆ ಸೆಕ್ಷನ್‌ಗಳಿಗೆ 1 ಹಾಕಿದರೂ, ಎರಡರಲ್ಲೂ ಮಕ್ಕಳ ಸಂಖ್ಯೆ ಸಮವಿದ್ದರೆ, ಶೀಟ್ ತಕರಾರಿಲ್ಲದೆ ಒಂದು ಉತ್ತರ ಕೊಡುತ್ತದೆ. ಹಾಜರಿ ಪುಸ್ತಕದಲ್ಲಿ ಯಾರ ಹೆಸರಿನ ಎದುರು ಯಾರಿದ್ದಾರೆ ಎನ್ನುವುದರ ಮೇಲೆ ನಿಂತ ಆ ಉತ್ತರಕ್ಕೆ ಯಾವ ಅರ್ಥವೂ ಇರುವುದಿಲ್ಲ.